ಮೊಸಾಯಿಕ್ ಹಾಕಿದ ಮೇಲೂ ನಂಬರ್ ಓದಲು ಬಂದದ್ದು ಹೇಗೆ?

ಪ್ರಶ್ನೆ: ನನ್ನ ಡ್ಯಾಶ್‌ಕ್ಯಾಮ್‌ನಲ್ಲಿ 40 ಸೆಕೆಂಡಿನ ಒಂದು ಕ್ಲಿಪ್ ಇದೆ. ಮುಂದಿನ ಕಾರು ತಟ್ಟನೆ ಲೇನ್ ಬದಲಿಸಿ ಒಬ್ಬ ಬೈಕ್ ಸವಾರನಿಗೆ ತಾಗುತ್ತದೆ. ನಾಲ್ಕು ಜನ ನೋಡಿ ಎಚ್ಚರವಾಗಲಿ ಅಂತ ಹಂಚಿಕೊಳ್ಳಬೇಕು ಅಂದುಕೊಂಡೆ. ಕಾರಿನ ನಂಬರ್ ಪ್ಲೇಟಿಗೂ, ಪಕ್ಕದಲ್ಲಿ ನಿಂತವರ ಮುಖಕ್ಕೂ ಮೊಸಾಯಿಕ್ ಹಾಕಿದೆ. ಮೊದಲು ಇಬ್ಬರು ಗೆಳೆಯರಿಗೆ ತೋರಿಸಿದರೆ, ಒಬ್ಬರು ಹತ್ತೇ ನಿಮಿಷದಲ್ಲಿ ನಂಬರ್ ಓದಿ ಹೇಳಿಬಿಟ್ಟರು! ನನ್ನ ಕಣ್ಣಿಗೆ ಎಲ್ಲಾ ಮುಚ್ಚಿದ ಹಾಗೇ ಕಾಣುತ್ತೆ. ಎಲ್ಲಿ ತಪ್ಪಿದೆ? ಸರಿಯಾಗಿ ಮುಚ್ಚೋದು ಹೇಗೆ?

ಉತ್ತರ: ಹತ್ತು ನಿಮಿಷದಲ್ಲಿ ಓದಿದ್ದಾರೆ ಅಂದರೆ ನಿಮ್ಮ ಗೆಳೆಯರು ಮೊಸಾಯಿಕ್ ಬಿಡಿಸಲು ಕೂತಿರಲಿಕ್ಕಿಲ್ಲ. ಬಹುಶಃ ಮೊಸಾಯಿಕ್ ಇಲ್ಲದ ಒಂದು ಫ್ರೇಮ್ ಅವರಿಗೆ ಸಿಕ್ಕಿದೆ. ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ನಿಮ್ಮ ಕ್ಲಿಪ್‌ನಲ್ಲಿ 1200 ಚಿತ್ರಗಳಿವೆ. 1198ರಲ್ಲಿ ಸರಿಯಾಗಿ ಮುಚ್ಚಿ ಎರಡರಲ್ಲಿ ತಪ್ಪಿದರೂ ಸಾಕು. ವಿಡಿಯೊ ಓಡುತ್ತಿರುವಾಗ ಆ ಎರಡು ಫ್ರೇಮ್ ಸೆಕೆಂಡಿನ ಹದಿನೈದನೇ ಒಂದು ಭಾಗದಲ್ಲಿ ಹೋಗಿಬಿಡುತ್ತವೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಹುಡುಕುವವರು ಓಡಿಸಿ ನೋಡುವುದಿಲ್ಲ. ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ.

ತಪ್ಪುವ ಜಾಗಗಳು ಬಹುತೇಕ ಯಾವಾಗಲೂ ಅವೇ. ಕಾರು ಚಿತ್ರದೊಳಗೆ ಬರುವ ಮೊದಲ ಕ್ಷಣದಲ್ಲಿ ಮಾಸ್ಕ್, ಅಂದರೆ ನೀವು ಹಾಕಿದ ಮುಚ್ಚಿಗೆ, ಒಂದೆರಡು ಫ್ರೇಮ್ ತಡವಾಗಿ ಶುರುವಾಗಿರುತ್ತದೆ. ಹೊರಗೆ ಹೋಗುವಾಗ ಒಂದೆರಡು ಫ್ರೇಮ್ ಮೊದಲೇ ಮುಗಿದಿರುತ್ತದೆ. ನಡುವೆ ಬೈಕೋ ಕಂಬವೋ ಪ್ಲೇಟಿಗೆ ಅಡ್ಡ ಬಂದರೆ ಪ್ಲೇಟನ್ನು ಹಿಂಬಾಲಿಸಬೇಕಾದ ಟ್ರ್ಯಾಕರ್ ಆ ಬೈಕನ್ನೇ ಹಿಡಿದುಕೊಂಡು ಹೊರಟುಬಿಡುತ್ತದೆ. ಇನ್ನೊಂದು, ಬ್ರೇಕ್ ಹಾಕಿದಾಗಿನ ಕುಲುಕಾಟ. ಕ್ಯಾಮೆರಾ ಜಿಗಿದಾಗ ಮಾಸ್ಕ್ ಹಿಂದೆ ಉಳಿಯುತ್ತದೆ. ನಿಮ್ಮ ಕ್ಲಿಪ್‌ನಲ್ಲಿ ಕಾರು ಲೇನ್ ಬದಲಿಸುತ್ತೆ, ಬೈಕ್ ಅಡ್ಡ ಬರುತ್ತೆ, ನೀವೂ ಬ್ರೇಕ್ ಹಾಕಿರುತ್ತೀರಿ. ಮೊದಲು ಆ ಮೂರ್ನಾಲ್ಕು ಸೆಕೆಂಡನ್ನು ಫ್ರೇಮ್ ಫ್ರೇಮ್ ಆಗಿ ನೋಡಿ. ವಿಎಲ್‌ಸಿ ಪ್ಲೇಯರ್‌ನಲ್ಲಿ `e` ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಎಂಪಿವಿ ಪ್ಲೇಯರ್‌ನಲ್ಲಿ `.` ಮುಂದಕ್ಕೆ, `,` ಹಿಂದಕ್ಕೆ.

ಆ ಫ್ರೇಮ್‌ಗಳನ್ನು ಸರಿಮಾಡಿದರೂ ಮೊಸಾಯಿಕನ್ನು ಹಾಗೇ ಬಿಡಬೇಡಿ ಅಂತ ಹೇಳುತ್ತೇನೆ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ವಿವರಿಸುತ್ತೇನೆ, ಏಕೆಂದರೆ ಹೆಚ್ಚಿನವರು ತಪ್ಪು ತಿಳಿದಿರುವುದು ಇಲ್ಲೇ.

ನಿಮ್ಮ ಚಿತ್ರದಲ್ಲಿ ಪ್ಲೇಟ್ 160 ಪಿಕ್ಸೆಲ್ ಅಗಲ, 40 ಪಿಕ್ಸೆಲ್ ಎತ್ತರ ಇದೆ ಅಂದುಕೊಳ್ಳೋಣ. 10 ಪಿಕ್ಸೆಲ್ ಚೌಕದ ಮೊಸಾಯಿಕ್ ಹಾಕಿದರೆ ಅದರ ಮೇಲೆ 16 ಅಡ್ಡ, 4 ಉದ್ದ, ಒಟ್ಟು 64 ಚೌಕ ಬೀಳುತ್ತವೆ. ಪ್ರತಿ ಚೌಕದ ಬಣ್ಣ ಅದರಡಿಯ 100 ಪಿಕ್ಸೆಲ್‌ಗಳ ಸರಾಸರಿ. ಅಂದರೆ ಅಕ್ಷರ ಅಳಿಸಿಹೋಗಿಲ್ಲ, ಅದರ ಸಾರಾಂಶ ಅಲ್ಲೇ ಕೂತಿದೆ. ಅದನ್ನು ಹಿಂದಕ್ಕೆ ತಿರುಗಿಸಬೇಕಾದ ಅಗತ್ಯವೂ ಇಲ್ಲ. ನಂಬರ್ ಪ್ಲೇಟಿನಲ್ಲಿ ಏನು ಬರಬಹುದು ಅನ್ನೋದು ಮೊದಲೇ ಗೊತ್ತು: ಇಂಥ ಜಾಗದಲ್ಲಿ ಅಕ್ಷರ, ಇಂಥ ಜಾಗದಲ್ಲಿ ಅಂಕಿ, ಅಕ್ಷರದ ಆಕಾರ ಹೆಚ್ಚುಕಡಿಮೆ ಒಂದೇ. ಹಾಗಾಗಿ ಓದಬೇಕೆಂದವರು ಸಾಧ್ಯವಿರುವ ನಂಬರ್‌ಗಳನ್ನು ತಾವೇ ಬರೆಸಿ, ಅವಕ್ಕೂ ಇದೇ ಮೊಸಾಯಿಕ್ ಹಾಕಿ, ಯಾವುದು ನಿಮ್ಮ 64 ಚೌಕಕ್ಕೆ ಹತ್ತಿರ ಅಂತ ಹೋಲಿಸುತ್ತಾರೆ. ಈ ಕೆಲಸ ಕಂಪ್ಯೂಟರ್‌ಗೆ ಬೇಸರ ತರಿಸುವುದಿಲ್ಲ ಅಲ್ವಾ? ಸಾಧಾರಣ ಬ್ಲರ್‌ಗೂ ಇದೇ ಹೋಲಿಕೆ ನಡೆಯುತ್ತದೆ. ಅಲ್ಲಿ ಚೌಕದ ಬದಲು ಅಕ್ಕಪಕ್ಕದ ಪಿಕ್ಸೆಲ್‌ಗಳು ಒಂದರೊಳಗೊಂದು ಬೆರೆತಿರುತ್ತವೆ, ಅಷ್ಟೇ.

ಹಾಗಿದ್ದರೆ ಚೌಕ ದೊಡ್ಡದು ಮಾಡೋಣ, 40 ಪಿಕ್ಸೆಲ್ ಇಟ್ಟರೆ ನಾಲ್ಕೇ ಚೌಕ ಉಳಿಯುತ್ತೆ ಅಂತ ನಿಮಗೆ ಅನ್ನಿಸಬಹುದು. ಒಂದೇ ಫೋಟೊ ಆಗಿದ್ದರೆ ಅದು ಸರಿ. ನಾಲ್ಕು ಬಣ್ಣದಿಂದ ನಂಬರ್ ಹುಡುಕೋದು ಆಗದ ಮಾತು. ಆದರೆ ವಿಡಿಯೊದಲ್ಲಿ ಪ್ಲೇಟ್ ಅಲುಗಾಡುತ್ತಿರುತ್ತದೆ. ಚೌಕಗಳ ಗೆರೆ ಒಂದು ಕಡೆ, ಅದರ ಹಿಂದೆ ನಂಬರ್ ಇನ್ನೊಂದು ಕಡೆ ಸರಿಯುತ್ತಿರುತ್ತದೆ. ಹಾಗಾಗಿ ಪ್ರತಿ ಫ್ರೇಮ್‌ನಲ್ಲೂ ಅದೇ ಪ್ಲೇಟಿನ ಬೇರೆ ನಾಲ್ಕು ಸರಾಸರಿ ಸಿಗುತ್ತವೆ. ಮೂರು ಸೆಕೆಂಡಿಗೆ 90 ಫ್ರೇಮ್. ನಾಲ್ಕು ಇದ್ದದ್ದು 360 ಆಯಿತು. ಕಂಡಿ ಕಂಡಿಯ ಬೇಲಿಯಾಚೆ ಒಬ್ಬರು ನಡೆದುಹೋದರೆ, ಒಂದೊಂದು ಕಂಡಿಯಲ್ಲಿ ಚೂರು ಚೂರೇ ಕಂಡರೂ ಯಾರು ಅಂತ ಗೊತ್ತಾಗುತ್ತಲ್ಲ, ಹಾಗೆ.

2025ರಲ್ಲಿ ಜೆಫ್ ಗೀರ್ಲಿಂಗ್ ಎಂಬ ಯೂಟ್ಯೂಬರ್ ತಮ್ಮ ಒಂದು ವಿಡಿಯೊದಲ್ಲಿ ಕಂಪ್ಯೂಟರ್ ಪರದೆಯ ಒಂದು ಭಾಗಕ್ಕೆ ಮೊಸಾಯಿಕ್ ಹಾಕಿ, ಅಲ್ಲೇನಿದೆ ಓದಿ ತೋರಿಸಿ ಅಂತ ಸವಾಲು ಹಾಕಿದ್ದರು. ಒಬ್ಬರಿಗಿಂತ ಹೆಚ್ಚು ಜನ ಓದಿ ತೋರಿಸಿದರು. ಅವರಿಗೆ ನೆರವಾದದ್ದು ಇದೇ: ಮೊಸಾಯಿಕ್‌ನ ಹಿಂದೆ ಬರಹ ಸರಿದಾಡುತ್ತಿತ್ತು. ಇದಕ್ಕೂ ಹಳೆಯದು 2007ರದ್ದು. ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ವ್ಯಕ್ತಿಯೊಬ್ಬ ಫೋಟೊಗಳಲ್ಲಿ ತನ್ನ ಮುಖವನ್ನು ಸುಳಿಯಂತೆ ತಿರುಚಿದ್ದ. ಜರ್ಮನಿಯ ಪೊಲೀಸರು ಅದನ್ನು ಬಿಡಿಸಿದರು, ಇಂಟರ್‌ಪೋಲ್ ಆ ಮುಖವನ್ನು ಪ್ರಕಟಿಸಿತು, ಆತ ಸಿಕ್ಕಿಬಿದ್ದ. ಅಲ್ಲಿ ಒಳ್ಳೆಯದೇ ಆಯಿತು. ಆದರೆ ಅದೇ ದಾರಿ ನೀವು ಕಾಪಾಡಬೇಕು ಅಂದುಕೊಂಡವರ ಕಡೆಗೂ ತೆರೆದಿರುತ್ತದೆ.

ಆದ್ದರಿಂದ ನನ್ನ ಸಲಹೆ ಒಂದೇ: ನಂಬರ್ ಪ್ಲೇಟಿಗೆ ಬ್ಲರ್ ಬೇಡ, ಮೊಸಾಯಿಕ್ ಬೇಡ, ಒಂದೇ ಬಣ್ಣದ ಗಟ್ಟಿ ಪಟ್ಟಿ ಹಾಕಿ. ಆಗ ಪ್ಲೇಟಿನ ಒಂದು ಪಿಕ್ಸೆಲ್ ಕೂಡ ಹೊಸ ಫೈಲಿಗೆ ಹೋಗುವುದಿಲ್ಲ. ಇಲ್ಲದ್ದನ್ನು ಯಾರೂ ಬಿಡಿಸಲಾರರು. ಪಟ್ಟಿ ಪೂರ್ತಿ ಅಪಾರದರ್ಶಕ ಆಗಿರಲಿ. 95 ಪ್ರತಿಶತ ಇಟ್ಟರೆ ಕಣ್ಣಿಗೆ ಕಪ್ಪೇ ಕಾಣುತ್ತೆ, ಆದರೆ ಹೊಳಪು ಏರಿಸಿದ ಕೂಡಲೇ ಅಕ್ಷರ ಮೇಲೆ ಬರಬಹುದು.

ಈಗ ಕೆಲಸಕ್ಕೆ ಬರೋಣ. ನಾನು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲಿ ಮಾಡುವ ಕ್ರಮ ಹೇಳುತ್ತೇನೆ. ಕೆಡೆನ್‌ಲೈವ್ ಬಳಸುವವರಾದರೆ ಅದರ Motion Tracker ಎಫೆಕ್ಟ್‌ನಲ್ಲಿ Opaque Fill ಅನ್ನೋ ಆಯ್ಕೆ ಇದೆ, ಅದೇ ಬೇಕಾದದ್ದು.

ಮೂಲ ಫೈಲನ್ನು ಮುಟ್ಟಬೇಡಿ, ಅದರ ನಕಲಿನ ಮೇಲೆ ಕೆಲಸ ಮಾಡಿ. ಇದು ಅಪಘಾತದ ಕ್ಲಿಪ್, ನಾಳೆ ಪೊಲೀಸರೋ ವಿಮೆಯವರೋ ಕೇಳಿದರೆ ಅವರಿಗೆ ಬೇಕಾಗೋದು ಏನೂ ಮುಚ್ಚದ ಮೂಲವೇ.

Color ಪುಟಕ್ಕೆ ಹೋಗಿ, ಒಂದು ಹೊಸ ನೋಡ್ ಸೇರಿಸಿ. Window ಭಾಗದಲ್ಲಿ ಆಯತದ ಆಕಾರ ಆರಿಸಿ, Softness ಎಲ್ಲವನ್ನೂ 0 ಮಾಡಿ. ಅಂಚು ಮೆತ್ತಗಿದ್ದರೆ ಅಲ್ಲಿ ಅರ್ಧಂಬರ್ಧ ಅಕ್ಷರ ಇಣುಕುತ್ತದೆ. ಆಮೇಲೆ ಹೆಚ್ಚಿನವರು ಕಾರು ಮೊದಲು ಕಾಣುವ ಫ್ರೇಮ್‌ನಿಂದ ಟ್ರ್ಯಾಕಿಂಗ್ ಶುರುಮಾಡುತ್ತಾರೆ. ಹಾಗೆ ಮಾಡಬೇಡಿ. ಅಲ್ಲಿ ಪ್ಲೇಟ್ ಚಿಕ್ಕದು, ಮಸುಕು, ಟ್ರ್ಯಾಕರ್‌ಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಪ್ಲೇಟ್ ಅತಿ ದೊಡ್ಡದಾಗಿ, ಅತಿ ಸ್ಪಷ್ಟವಾಗಿ ಕಾಣುವ ಫ್ರೇಮ್‌ಗೆ ಹೋಗಿ. ನಿಮ್ಮ ಕ್ಲಿಪ್‌ನಲ್ಲಿ ಅದು ಕಾರು ನಿಮ್ಮ ಮುಂದೆಯೇ ಬ್ರೇಕ್ ಹಾಕಿದ ಕ್ಷಣ ಇರಬೇಕು. ಅಲ್ಲಿ ಆಯತ ಕೂರಿಸಿ. ಪ್ಲೇಟಿಗಿಂತ ನಾಲ್ಕೂ ಕಡೆ ಸುಮಾರು ಕಾಲು ಭಾಗ ಜಾಸ್ತಿ ಇರಲಿ. ಟ್ರ್ಯಾಕರ್ ಒಂದೆರಡು ಪಿಕ್ಸೆಲ್ ತಪ್ಪಿದರೂ, ಚಲನೆಯಿಂದ ಅಕ್ಷರ ಎಳೆದುಕೊಂಡರೂ ಆ ಹೆಚ್ಚುವರಿ ಜಾಗ ಕಾಯುತ್ತದೆ. ಅಲ್ಲಿಂದ ಮುಂದಕ್ಕೆ ಒಮ್ಮೆ ಟ್ರ್ಯಾಕ್ ಮಾಡಿ. ಮತ್ತೆ ಅದೇ ಫ್ರೇಮ್‌ಗೆ ಬಂದು ಹಿಂದಕ್ಕೆ ಒಮ್ಮೆ ಮಾಡಿ. ಕೊನೆಗೆ Gain ಚಕ್ರವನ್ನು 0.00ಕ್ಕೆ ಇಳಿಸಿದರೆ ಆಯತದೊಳಗೆ ಪೂರ್ತಿ ಕಪ್ಪಾಗುತ್ತದೆ.

ಬೈಕ್ ಅಡ್ಡ ಬರುವ ಜಾಗದಲ್ಲಿ ಟ್ರ್ಯಾಕ್ ಕೆಡುವುದು ಖಂಡಿತ. ಅಲ್ಲಿ ಕೈಯಿಂದ ಸರಿಮಾಡಬೇಕು. ಟ್ರ್ಯಾಕರ್ ಪಟ್ಟಿಯ ಮೇಲೆ Clip ಮತ್ತು Frame ಅನ್ನೋ ಎರಡು ಗುಂಡಿ ಇವೆ. Clip ಒತ್ತಿದ್ದಾಗ ಆಯತ ಸರಿಸಿದರೆ ಇಡೀ ಕ್ಲಿಪ್‌ನಲ್ಲಿ ಅಷ್ಟೇ ಸರಿಯುತ್ತದೆ. ಒಂದು ಕಡೆ ಸರಿಮಾಡಿ ನೂರು ಕಡೆ ಕೆಡಿಸಿದ ಹಾಗೆ. Frame ಒತ್ತಿಕೊಂಡು, ಕೆಟ್ಟ ಜಾಗದಲ್ಲಿ ನಾಲ್ಕೈದು ಫ್ರೇಮ್‌ಗೊಮ್ಮೆ ಆಯತವನ್ನು ಸರಿಯಾದ ಜಾಗಕ್ಕೆ ಎಳೆಯಿರಿ, ನಡುವಿನದನ್ನು ಅದೇ ತುಂಬಿಸಿಕೊಳ್ಳುತ್ತದೆ. ಪ್ಲೇಟ್ ಅಡ್ಡವಾದ ವಸ್ತುವಿನ ಹಿಂದೆ ಇದ್ದಾಗಲೂ ಮಾಸ್ಕ್ ತೆಗೆಯಬೇಡಿ. ಚಕ್ರದ ಸಂದಿಯಲ್ಲಿ ಎರಡು ಅಂಕಿ ಕಂಡರೂ ಅದು ಸುಳಿವೇ.

ಮಾಸ್ಕ್ ಎಲ್ಲಿಂದ ಶುರುವಾಗಬೇಕು? "ನಂಬರ್ ಓದಲು ಬರುವ ಜಾಗದಿಂದ" ಅಂತ ಲೆಕ್ಕ ಹಾಕಬೇಡಿ. ಒಂದು ಫ್ರೇಮ್‌ನಲ್ಲಿ ಓದಲಾಗದ ಚಿಕ್ಕ ಪ್ಲೇಟ್ ಕೂಡ ಹತ್ತಾರು ಫ್ರೇಮ್ ಒಟ್ಟುಗೂಡಿಸಿದಾಗ ಓದಲು ಬರಬಹುದು. ಅಲ್ಲೊಂದು ಪ್ಲೇಟ್ ಇದೆ ಅಂತ ಗೊತ್ತಾಗುವ ಮೊದಲ ಫ್ರೇಮ್‌ನಿಂದಲೇ ಮುಚ್ಚಿ.

ನಾನು ಕಷ್ಟಪಟ್ಟು ಕಲಿತದ್ದು ಒಂದಿದೆ. ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಗೆ ಇಂಥದ್ದೇ ಕ್ಲಿಪ್ ಸಿದ್ಧಮಾಡುತ್ತಿದ್ದೆ. ಮಾಸ್ಕ್ ಹಾಕಿ ಮುಗಿಸಿದ್ದೆ. ಕೊನೆಯ ದಿನ, ತಾಗುವ ಕ್ಷಣವನ್ನು ನಿಧಾನಗತಿಯಲ್ಲಿ ಇನ್ನೊಮ್ಮೆ ತೋರಿಸಿ ಅಂದರು. ಅವಸರದಲ್ಲಿ ಆ ತುಣುಕನ್ನು ಮೂಲ ಫೈಲಿನಿಂದಲೇ ಕತ್ತರಿಸಿ ಸೇರಿಸಿದೆ. ಮೊದಲ ಸಲ ಪ್ಲೇಟ್ ಮುಚ್ಚಿದೆ, ಎರಡನೇ ಸಲ ನಿಧಾನವಾಗಿ, ದೊಡ್ಡದಾಗಿ, ತೆರೆದುಕೊಂಡು ಕೂತಿದೆ. ಹೊರಗೆ ಹೋಗುವ ಮುನ್ನ ಬೇರೊಬ್ಬರ ಕಣ್ಣಿಗೆ ಬಿದ್ದದ್ದರಿಂದ ಉಳಿಯಿತು. ಆವತ್ತಿನಿಂದ ನನ್ನ ಕ್ರಮ ಬದಲಾಗಿದೆ. ಕತ್ತರಿಸುವುದು, ದೊಡ್ಡದು ಮಾಡುವುದು, ನಿಧಾನ ಮಾಡುವುದು, ಯಾವುದಕ್ಕೂ ಮೊದಲು ಇಡೀ ಕ್ಲಿಪ್‌ಗೆ ಮಾಸ್ಕ್ ಹಾಕಿ ಒಂದು ಹೊಸ ಫೈಲ್ ಮಾಡಿಕೊಳ್ಳುತ್ತೇನೆ. ಆಮೇಲೆ ಎಡಿಟಿಂಗ್ ನಡೆಯುವುದು ಆ ಫೈಲಿನ ಮೇಲೆ ಮಾತ್ರ. ಮೂಲ ಫೈಲ್ ಆ ಪ್ರಾಜೆಕ್ಟಿನಲ್ಲೇ ಇರುವುದಿಲ್ಲ.

ಮುಖಗಳ ವಿಷಯ ಸ್ವಲ್ಪ ಬೇರೆ. ಪಕ್ಕದಲ್ಲಿ ನಿಂತವರು ಎಂಟು ಹತ್ತು ಜನ ಇದ್ದರೆ ಒಬ್ಬೊಬ್ಬರಿಗೂ ಟ್ರ್ಯಾಕಿಂಗ್ ಮಾಡುವುದು ತುಂಬಾ ಹೊತ್ತು ಹಿಡಿಯುತ್ತದೆ. ಮುಖವನ್ನು ತಾನೇ ಹುಡುಕಿ ಮುಚ್ಚುವ ಸಾಧನಗಳಿವೆ. `deface` ಅನ್ನೋದು ಅಂಥ ಒಂದು ಉಚಿತ ಸಾಧನ, ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ, ಕ್ಲಿಪ್ ಎಲ್ಲಿಗೂ ಹೋಗುವುದಿಲ್ಲ.

```
deface masked.mp4 --thresh 0.1 --mask-scale 1.5 --replacewith solid
```

`--thresh` ಸಂಖ್ಯೆ ಕಡಿಮೆಯಾದಷ್ಟೂ ಅದು ಅನುಮಾನ ಬಂದದ್ದನ್ನೆಲ್ಲಾ ಮುಚ್ಚುತ್ತದೆ. ಯಾವುದೋ ಚಕ್ರವನ್ನೋ ಬೋರ್ಡನ್ನೋ ಮುಖ ಅಂತ ಮುಚ್ಚಿದರೂ ಪರವಾಗಿಲ್ಲ, ಒಂದು ಮುಖ ಬಿಟ್ಟುಹೋಗುವುದಕ್ಕಿಂತ ಅದು ವಾಸಿ. `--mask-scale` ಮುಚ್ಚುವ ಜಾಗವನ್ನು ದೊಡ್ಡದು ಮಾಡುತ್ತದೆ, ಕೂದಲು, ಕಿವಿ, ಗದ್ದ ಎಲ್ಲಾ ಒಳಗೆ ಬರಬೇಕು. ಮುಖಕ್ಕೂ ಗಟ್ಟಿ ಬಣ್ಣವೇ ಒಳ್ಳೆಯದು. ಮೊಸಾಯಿಕ್ ಮತ್ತು ಬ್ಲರ್ ಹಾಕಿದ ಮುಖಗಳನ್ನೂ, ಗೊತ್ತಿರುವ ಜನರ ಫೋಟೊಗಳ ಜೊತೆ ಹೋಲಿಸಿ ಕಂಪ್ಯೂಟರ್ ಗುರುತಿಸಬಲ್ಲದು ಅಂತ 2016ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ.

ಆದರೆ ತಾನಾಗಿ ಮುಚ್ಚುವುದನ್ನು ಕಣ್ಣುಮುಚ್ಚಿ ನಂಬಬೇಡಿ. ಗೂಗಲ್ ತನ್ನ ಸ್ಟ್ರೀಟ್ ವ್ಯೂ ಚಿತ್ರಗಳ ಬಗ್ಗೆ 2009ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅದರ ವ್ಯವಸ್ಥೆ ಮುಖಗಳಲ್ಲಿ 89 ಪ್ರತಿಶತಕ್ಕಿಂತ ಹೆಚ್ಚನ್ನೂ, ನಂಬರ್ ಪ್ಲೇಟ್‌ಗಳಲ್ಲಿ 94ರಿಂದ 96 ಪ್ರತಿಶತವನ್ನೂ ಮುಚ್ಚುತ್ತದೆ ಅಂತಿತ್ತು. ಅಂದರೆ ಹತ್ತರಲ್ಲಿ ಹತ್ತಿರ ಹತ್ತಿರ ಒಂದು ಮುಖ ತಪ್ಪುತ್ತಿತ್ತು. ಆಮೇಲೆ ಈ ಸಾಧನಗಳು ತುಂಬಾ ಸುಧಾರಿಸಿವೆ. ಆದರೂ ಪಕ್ಕಕ್ಕೆ ತಿರುಗಿದ ಮುಖ, ಅರ್ಧ ಮರೆಯಾದ ಮುಖ, ಹೆಲ್ಮೆಟ್ ಒಳಗಿನ ಮುಖ ಈಗಲೂ ತಪ್ಪುತ್ತವೆ. ಜನ ತಲೆ ತಿರುಗಿಸಿದ ಕ್ಷಣದಲ್ಲಿ ಮಾಸ್ಕ್ ಆರಿ ಹೊತ್ತಿಕೊಳ್ಳುತ್ತದೆ. ಆ ಫ್ರೇಮ್‌ಗಳಿಗೆ ರಿಸಾಲ್ವ್‌ನಲ್ಲಿ ಕೈಯಿಂದ ಪಟ್ಟಿ ಹಾಕಬೇಕು. ಮತ್ತೆ, ಬಿದ್ದ ಸವಾರನನ್ನು ಬಲ್ಲವರು ಅವನ ಬೈಕು, ಅಂಗಿ, ನಡಿಗೆ ನೋಡಿಯೇ ಗುರುತಿಸುತ್ತಾರೆ. ಮುಖ ಮುಚ್ಚಿದ್ದರಿಂದ ಅದು ತಪ್ಪುವುದಿಲ್ಲ. ತಾಗಿದ ನಂತರ ಅವರು ನೆಲದಲ್ಲಿ ಬಿದ್ದಿರುವ ಭಾಗ ನಿಮ್ಮ ಎಚ್ಚರಿಕೆಗೆ ಬೇಕಾಗಿಲ್ಲ ಅಂದರೆ ಅದನ್ನು ಕತ್ತರಿಸಿಯೇಬಿಡಿ. ನಾನಾದರೆ ಕತ್ತರಿಸುತ್ತಿದ್ದೆ.

ಕತ್ತರಿಸುವಾಗಲೂ ಒಂದು ಮೋಸ ಇದೆ. ಕೆಲವು ಸಾಧನಗಳು ಬೇಗ ಮುಗಿಸಲು ವಿಡಿಯೊವನ್ನು ಹೊಸದಾಗಿ ಎನ್‌ಕೋಡ್ ಮಾಡುವುದಿಲ್ಲ. ಎಫ್ಎಫ್ಎಂಪೆಗ್ ಎಂಬ ಕಮಾಂಡ್ ಸಾಧನದಲ್ಲಿ `-c copy` ಹಾಕಿ ಕತ್ತರಿಸಿದರೆ ಆಗುವುದು ಇದೇ. ವಿಡಿಯೊವನ್ನು ಹಾಗೆ ಎಲ್ಲೆಂದರಲ್ಲಿ ತುಂಡರಿಸಲು ಬರುವುದಿಲ್ಲ, ಹಿಂದಿನ ಕೀಫ್ರೇಮ್‌ನಿಂದಲೇ, ಅಂದರೆ ಇಡೀ ಚಿತ್ರವನ್ನು ಪೂರ್ತಿಯಾಗಿ ಉಳಿಸಿಕೊಂಡ ಫ್ರೇಮ್‌ನಿಂದಲೇ, ಡೇಟಾ ತೆಗೆದುಕೊಳ್ಳಬೇಕು. ಹಾಗಾಗಿ ನೀವು ತೆಗೆದಿದ್ದೇನೆ ಅಂದುಕೊಂಡ ಒಂದೆರಡು ಸೆಕೆಂಡು ಫೈಲಿನೊಳಗೇ ಉಳಿದಿರುತ್ತದೆ. "ಇಲ್ಲಿಂದ ತೋರಿಸು" ಅಂತ ಒಂದು ಸೂಚನೆ ಮಾತ್ರ ಸೇರಿರುತ್ತದೆ. ಪ್ಲೇಯರ್ ಅದನ್ನು ಪಾಲಿಸುತ್ತದೆ, ಹುಡುಕುವವರು ಪಾಲಿಸಬೇಕಾಗಿಲ್ಲ. ಅದಕ್ಕೆ ಕೊನೆಯ ಫೈಲ್ ಯಾವಾಗಲೂ ಪೂರ್ತಿ ಹೊಸದಾಗಿ ಎನ್‌ಕೋಡ್ ಆಗಿರಲಿ:

```
ffmpeg -i masked_edit.mp4 -map 0:v:0 -an -map_metadata -1 -c:v libx264 -crf 20 share.mp4
```

ಇಲ್ಲಿ `-map 0:v:0` ಚಿತ್ರವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಕೆಲವು ಡ್ಯಾಶ್‌ಕ್ಯಾಮ್‌ಗಳು ಅದೇ ಫೈಲಿನಲ್ಲಿ ಬೇರೆ ಎಳೆಯಾಗಿ ಬಚ್ಚಿಟ್ಟಿರುವ ಜಿಪಿಎಸ್ ಮಾಹಿತಿ ಹಿಂದೆ ಉಳಿಯುತ್ತದೆ. `-map_metadata -1` ದಿನಾಂಕ, ಕ್ಯಾಮೆರಾ ಹೆಸರಿನಂಥ ವಿವರಗಳನ್ನು ಬಿಟ್ಟುಬಿಡುತ್ತದೆ. ಉಳಿದಿದೆಯಾ ಅಂತ ನೋಡಲು `exiftool -ee share.mp4` ಓಡಿಸಿ. ಮೂಲ ಫೈಲಿನ ಮೇಲೂ ಒಮ್ಮೆ ಓಡಿಸಿ ನೋಡಿ, ಎಷ್ಟೆಲ್ಲಾ ಇತ್ತು ಅಂತ ಗೊತ್ತಾಗುತ್ತದೆ.

`-an` ಅಂದರೆ ಧ್ವನಿ ಬೇಡ ಅಂತ. ಇದನ್ನು ಬೇಕೆಂದೇ ಹಾಕಿದ್ದೇನೆ. ಅಪಘಾತ ಆದ ಕೂಡಲೇ ಕಾರಿನೊಳಗೆ ಇದ್ದವರು ಏನು ಮಾಡುತ್ತಾರೆ? "ನಂಬರ್ ನೋಡು, ನಂಬರ್ ನೋಡು" ಅಂತ ಕೂಗಿ, ನಂಬರನ್ನು ಗಟ್ಟಿಯಾಗಿ ಓದುತ್ತಾರೆ. ನಿಮ್ಮ ಕ್ಲಿಪ್‌ನ ಧ್ವನಿಯನ್ನು ಹೆಡ್‌ಫೋನ್ ಹಾಕಿ ಒಮ್ಮೆ ಪೂರ್ತಿ ಕೇಳಿ. ನಿಮ್ಮ ಗೆಳೆಯರಿಗೆ ನಂಬರ್ ಸಿಕ್ಕಿದ್ದು ಇಲ್ಲಿಂದಲೂ ಇರಬಹುದು. ಧ್ವನಿ ಬೇಕೇಬೇಕು ಅಂದರೆ `deface` ಓಡಿಸುವಾಗಲೇ `--keep-audio` ಸೇರಿಸಿ, ಇಲ್ಲದಿದ್ದರೆ ಅದು ಧ್ವನಿಯನ್ನು ಬಿಟ್ಟುಬಿಡುತ್ತದೆ. ಆ ಮಾತಿನ ತುಣುಕನ್ನು ಎಡಿಟಿಂಗ್‌ನಲ್ಲೇ ಪೂರ್ತಿ ತೆಗೆದುಹಾಕಿ, ಆಮೇಲೆ `-an` ಬದಲು `-map 0:a:0 -c:a aac` ಹಾಕಿ. ಸುಮ್ನೆ ಧ್ವನಿ ತಗ್ಗಿಸಿದರೆ ಇನ್ನೊಬ್ಬರು ಏರಿಸಿಕೊಳ್ಳುತ್ತಾರೆ.

ಚಿತ್ರದ ಕೆಳಗಿನ ಪಟ್ಟಿಯನ್ನೂ ಗಮನಿಸಿ. ಬಹಳಷ್ಟು ಡ್ಯಾಶ್‌ಕ್ಯಾಮ್‌ಗಳು ದಿನಾಂಕ, ಸಮಯ, ವೇಗವನ್ನು ಚಿತ್ರದ ಮೇಲೇ ಅಚ್ಚುಹಾಕುತ್ತವೆ. ಕೆಲವು ಅಕ್ಷಾಂಶ ರೇಖಾಂಶ ಕೂಡ. ಸೆಟ್ಟಿಂಗ್‌ನಲ್ಲಿ ತುಂಬಿಸಿದ್ದರೆ ನಿಮ್ಮದೇ ಗಾಡಿಯ ನಂಬರ್ ಕೂಡ ಅಲ್ಲಿರುತ್ತದೆ. ಎಲ್ಲರದ್ದೂ ಮುಚ್ಚಿ ತಮ್ಮದನ್ನು ಬಿಟ್ಟವರನ್ನು ನಾನು ನೋಡಿದ್ದೇನೆ. ಆ ಪಟ್ಟಿ ಅಲುಗಾಡುವುದಿಲ್ಲ, ಟ್ರ್ಯಾಕಿಂಗ್ ಬೇಡ. ಚಿತ್ರದ ಕೆಳಭಾಗವನ್ನು ಅಷ್ಟಕ್ಕೆ ಕ್ರಾಪ್ ಮಾಡಿದರೆ ಮುಗಿಯಿತು.

ಕೊನೆಯ ಪರೀಕ್ಷೆಯನ್ನು ಎಡಿಟಿಂಗ್ ಕಿಟಕಿಯಲ್ಲಿ ಮಾಡಬೇಡಿ, ಹೊರಬಂದ `share.mp4` ಮೇಲೆ ಮಾಡಿ. ಮೊದಲ ಸುತ್ತಿನಲ್ಲಿ ಮುಂದಿನ ಕಾರಿನ ಪ್ಲೇಟ್ ಒಂದನ್ನೇ ಹಿಂಬಾಲಿಸಿ, ಫ್ರೇಮ್ ಫ್ರೇಮ್ ಆಗಿ. ಎರಡನೇ ಸುತ್ತಿನಲ್ಲಿ ಬೈಕಿನ ಪ್ಲೇಟ್. ಮೂರನೇ ಸುತ್ತಿನಲ್ಲಿ ಮುಖಗಳು. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಕಣ್ಣು ಓಡಾಡುವ ಕಡೆಗೆ ಹೋಗುತ್ತದೆ, ಮೂಲೆಯಲ್ಲಿ ಇರುವುದು ತಪ್ಪುತ್ತದೆ. ಇನ್ನೊಂದು ಸುತ್ತು ಪ್ರತಿಬಿಂಬಗಳಿಗೆ ಇಡಿ: ಒದ್ದೆ ರಸ್ತೆ, ಪಕ್ಕದ ಗಾಡಿಯ ಬಾಗಿಲು, ಗಾಜಿನ ಗೋಡೆ. ದೊಡ್ಡ ಗಾಡಿಗಳ ಬದಿಯಲ್ಲಿ ಬರೆದಿರುವ ನಂಬರ್ ಮತ್ತು ಫೋನ್ ನಂಬರ್ ಇಲ್ಲೇ ಸಿಕ್ಕಿಬೀಳುತ್ತವೆ. 1200 ಫ್ರೇಮ್ ಅಂದರೆ ಭಯ ಬೇಡ, ಕೀ ಒತ್ತಿಕೊಂಡು ಹೋದರೆ ಒಂದು ಸುತ್ತಿಗೆ ಹತ್ತು ಹದಿನೈದು ನಿಮಿಷ.

ಗೆಳೆಯರಿಗೆ ಆಗಲೇ ಕಳಿಸಿದ ಫೈಲ್ ಇದೆಯಲ್ಲ, ಅದನ್ನು ಅಳಿಸಲು ಇಬ್ಬರಿಗೂ ಇವತ್ತೇ ಹೇಳಿ. ಮುಂದೆ ಕಳಿಸಿದ್ದಾರಾ ಅಂತಲೂ ಕೇಳಿ. ಯೂಟ್ಯೂಬ್‌ನ ಎಡಿಟರ್‌ನಲ್ಲಿ ಹಾಕಿದ ಮೇಲೂ ಮುಖ ಮುಚ್ಚುವ ಸೌಲಭ್ಯ ಇದೆ, ಆದರೆ ಅಷ್ಟರೊಳಗೆ ಯಾರಾದರೂ ಇಳಿಸಿಕೊಂಡಿದ್ದರೆ ಅದು ಮುಟ್ಟುವುದಿಲ್ಲ. ಅದಕ್ಕೇ ಮುಚ್ಚುವ ಕೆಲಸವೆಲ್ಲ ನಿಮ್ಮ ಕಂಪ್ಯೂಟರ್‌ನಲ್ಲೇ ಮುಗಿಯಲಿ. ಹಾಕುವಾಗ ಥಂಬ್‌ನೇಲ್ ಚಿತ್ರವನ್ನೂ `share.mp4`ನಿಂದಲೇ ತೆಗೆಯಿರಿ. ಚೆನ್ನಾಗಿ ಕಾಣುತ್ತೆ ಅಂತ ಮೂಲದಿಂದ ತೆಗೆದ ಒಂದು ಸ್ಕ್ರೀನ್‌ಶಾಟ್ ನಿಮ್ಮ ಗ್ಯಾಲರಿಯಲ್ಲಿ ಇದ್ದರೆ, ಹಾಕುವ ಮೊದಲೇ ಅದನ್ನು ಬೇರೆ ಫೋಲ್ಡರ್‌ಗೆ ಸಾಗಿಸಿ.